ಒಂದು ಕಾಯಿ ಕಮ್ಮಿ: ದರೋಡೆ ಸಿನಿಮಾದ ಗುಟ್ಟು ಎಲ್ಲಿರುತ್ತದೆ?

ಪ್ರಶ್ನೆ: ಸಾರ್, ನಾನು ಮಂಡ್ಯದಲ್ಲಿ ಡಿಪ್ಲೊಮಾ ಓದ್ತಿದ್ದೀನಿ. ‘ಮನಿ ಹೈಸ್ಟ್’ ನೋಡಿದ ಮೇಲೆ ದರೋಡೆ ಸಿನಿಮಾಗಳ ಹುಚ್ಚು ಹಿಡಿದಿದೆ. ಕೆಲವು ಸಿನಿಮಾದ ಟ್ವಿಸ್ಟ್ ನೋಡಿದಾಗ ‘ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ’ ಅನ್ಸುತ್ತೆ. ಕೆಲವು ನೋಡಿದ್ರೆ ಮೋಸ ಮಾಡಿದ್ರು ಅನ್ಸುತ್ತೆ. ಈ ವ್ಯತ್ಯಾಸ ಯಾಕೆ? ಬರೆಯೋವಾಗ ಹೇಗೆ ಪ್ಲಾನ್ ಮಾಡ್ತಾರೆ? ಫ್ರೆಂಡ್ಸ್ ಸೇರಿ ಒಂದು ಶಾರ್ಟ್ ಫಿಲ್ಮ್ ಮಾಡ್ಬೇಕು ಅಂತಿದ್ದೀವಿ. ಯಾವ ಸಿನಿಮಾ ನೋಡಬೇಕು ಅಂತಲೂ ಹೇಳಿ.

ಉತ್ತರ:

ಒಂದು ಎಚ್ಚರಿಕೆ ಮೊದಲು. ಕೆಳಗೆ ‘ಸ್ಪೆಷಲ್ 26’, ‘ಇನ್‌ಸೈಡ್ ಮ್ಯಾನ್’, ‘ಓಷನ್ಸ್ ಇಲೆವೆನ್’, ಅದರ ಮುಂದಿನ ಭಾಗ ಮತ್ತು ‘ಜ್ಯುವೆಲ್ ಥೀಫ್’ ಇವುಗಳ ಗುಟ್ಟನ್ನು ಬಿಚ್ಚಿಟ್ಟಿದ್ದೇನೆ. ಬಿಚ್ಚದೆ ಈ ಪ್ರಶ್ನೆಗೆ ಉತ್ತರ ಹೇಳೋಕೆ ಆಗಲ್ಲ. ನೋಡದೆ ಇರುವುದಿದ್ದರೆ ನೋಡಿಕೊಂಡು ಬಂದು ಓದಿ.

ನಮ್ಮ ಸೋದರಮಾವ ಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ಒಂದು ದಿನ ವಸೂಲಿ ದುಡ್ಡು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಬಂದು ‘ಯಜಮಾನ್ರೇ, ನಿಮ್ಮ ದುಡ್ಡು ಬಿದ್ದಿದೆ ನೋಡಿ’ ಅಂದ. ಕಾಲ ಹತ್ತಿರ ಹತ್ತು ರೂಪಾಯಿಯ ನಾಲ್ಕು ನೋಟು. ಮಾವ ಬಗ್ಗಿದರು. ಎದ್ದು ನೋಡಿದರೆ ಪಕ್ಕದಲ್ಲಿಟ್ಟಿದ್ದ ಬ್ಯಾಗಿಲ್ಲ. ಪೇಪರಿನಲ್ಲಿ ‘ಗಮನ ಬೇರೆಡೆ ಸೆಳೆದು ಕಳವು’ ಅಂತ ಇಂದಿಗೂ ಆಗಾಗ ಓದುತ್ತೇವಲ್ಲ, ಅದೇ. ಆದರೆ ನನಗೆ ನೆನಪಿರುವುದು ಆ ರಾತ್ರಿ ಮಾವ ಊಟದ ತಟ್ಟೆ ಮುಂದೆ ಹೇಳಿದ ಮಾತು. ‘ಆ ನೋಟು ನಂದಲ್ಲ ಅಂತ ನಂಗೆ ಗೊತ್ತಿತ್ತು ಕಣೋ. ಆದ್ರೂ ಬಗ್ಗಿದೆ.’

ಕಳ್ಳ ಬ್ಯಾಗನ್ನು ಬಚ್ಚಿಡಲಿಲ್ಲ. ಮಾವನಿಗೆ ನೋಡಬೇಕು ಅನ್ನಿಸುವಂಥದ್ದನ್ನು ಬೇರೆ ಕಡೆ ಇಟ್ಟ, ಅಷ್ಟೇ. ದರೋಡೆ ಸಿನಿಮಾ ಬರೆಯುವವರು ಮಾಡುವುದೂ ಇದನ್ನೇ. ಪ್ರೇಕ್ಷಕ ಬಗ್ಗಿ ಎತ್ತಿಕೊಳ್ಳುವ ಆ ನಾಲ್ಕು ನೋಟು ಯಾವುದು ಅಂತ ಮೊದಲು ತೀರ್ಮಾನ ಮಾಡುತ್ತಾರೆ.

ಈ ಜಾತಿಯ ಸಿನಿಮಾದಲ್ಲಿ ಒಂದು ಹಳೆಯ ಲೆಕ್ಕ ಇದೆ. ಗ್ಯಾಂಗಿನವರು ಮೇಜಿನ ಸುತ್ತ ಕೂತು ನಕ್ಷೆ ಹರಡಿ ಇಡೀ ಪ್ಲಾನನ್ನು ನಮಗೆ ವಿವರಿಸಿದರೆ, ಆ ಪ್ಲಾನ್ ಕೆಡುತ್ತದೆ. ನಮಗೆ ಹೇಳದೆ ಹೊರಟರೆ ಗೆಲ್ಲುತ್ತದೆ. ಕಾರಣ ಸರಳ. ಹೇಳಿದ್ದೇ ಹಾಗೇ ನಡೆದರೆ ಒಂದೇ ಕಥೆಯನ್ನು ಎರಡು ಸಲ ನೋಡಿದ ಹಾಗಾಗುತ್ತದೆ. ಜಾಣ ಸಿನಿಮಾಗಳು ಈ ಎರಡನ್ನೂ ಬೆರೆಸುತ್ತವೆ. ಮುಕ್ಕಾಲು ಪಾಲು ಪ್ಲಾನ್ ಹೇಳುತ್ತವೆ, ಕಾಲು ಪಾಲು ನುಂಗುತ್ತವೆ. ನಮಗೆ ಎಲ್ಲ ಗೊತ್ತಿದೆ ಅನ್ನುವ ಧೈರ್ಯ ಬಂದಿರುತ್ತದೆ, ಆ ನುಂಗಿದ ತುಂಡು ಕಾಣೆಯಾಗಿದೆ ಅನ್ನುವುದೇ ಹೊಳೆಯುವುದಿಲ್ಲ.

2001ರ ‘ಓಷನ್ಸ್ ಇಲೆವೆನ್’ ಇದಕ್ಕೆ ಒಳ್ಳೆಯ ಉದಾಹರಣೆ. ಲಾಸ್ ವೇಗಸ್‌ನ ಮೂರು ಕ್ಯಾಸಿನೊಗಳ ದುಡ್ಡು ಬೆಲಾಜಿಯೊ ಕೆಳಗಿನ ಒಂದೇ ಖಜಾನೆಗೆ ಬರುತ್ತದೆ. ಅದನ್ನು ಹೊಡೆಯಬೇಕು. ಗ್ಯಾಂಗ್ ಒಂದು ಗೋದಾಮಿನಲ್ಲಿ ಆ ಖಜಾನೆಯ ಪಡಿಯಚ್ಚನ್ನೇ ಕಟ್ಟುತ್ತದೆ. ಯಾಕೆ? ಅಭ್ಯಾಸಕ್ಕೆ. ಒಳಗೆ ನುಸುಳುವ ಸರ್ಕಸ್ ಹುಡುಗ ಅಲ್ಲಿ ನೆಗೆದು ನೋಡುತ್ತಾನೆ. ನಮಗೆ ಸಮಾಧಾನ ಆಗುತ್ತದೆ, ಮುಂದಕ್ಕೆ ಹೋಗುತ್ತೇವೆ. ಕೊನೆಗೆ ನೋಡಿದರೆ ಆ ನಕಲಿ ಖಜಾನೆಗೆ ಇನ್ನೊಂದು ಕೆಲಸವೂ ಇತ್ತು. ಮಾಲೀಕ ತನ್ನ ಟಿವಿಯಲ್ಲಿ ನೋಡುತ್ತಿದ್ದ ದರೋಡೆ ಅಲ್ಲಿ ಮೊದಲೇ ಚಿತ್ರೀಕರಿಸಿದ ಟೇಪು. ಅವನು ಗಾಬರಿಯಾಗಿ ಪೊಲೀಸರನ್ನು ಕರೆಯುತ್ತಾನೆ, ಶಸ್ತ್ರಸಜ್ಜಿತ ಪಡೆ ಬರುತ್ತದೆ. ಆ ಪಡೆಯೇ ಗ್ಯಾಂಗು. ಅವರು ಹೊತ್ತುಕೊಂಡು ಹೋದ ಚೀಲಗಳಲ್ಲೇ ದುಡ್ಡು. ಮಾಲೀಕನಿಗೆ ಸತ್ಯ ಗೊತ್ತಾಗುವುದು ನೆಲ ನೋಡಿ. ಆ ವಾರವಷ್ಟೇ ಅಸಲಿ ಖಜಾನೆಯ ನೆಲದ ಮೇಲೆ ಹೋಟೆಲಿನ ಹೆಸರು ಬರೆಸಿದ್ದ, ಟೇಪಿನಲ್ಲಿ ಅದು ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದೇ. ನಕಲಿ ಖಜಾನೆಯನ್ನು ನಮ್ಮಿಂದ ಮುಚ್ಚಿಡಲಿಲ್ಲ. ಧಾರಾಳವಾಗಿ ತೋರಿಸಿದರು. ಅದಕ್ಕೆ ಒಂದು ನಿಜವಾದ ಕೆಲಸ ಕೊಟ್ಟಿದ್ದರಿಂದ ಎರಡನೇ ಕೆಲಸ ಇರಬಹುದು ಅಂತ ನಾವು ಕೇಳಲೇ ಇಲ್ಲ. ಬರೆಯುವವರ ಕೈಲಿರುವ ದೊಡ್ಡ ಉಪಾಯ ಇದೇ. ಸುಳಿವನ್ನು ಮರೆಮಾಡಬೇಡಿ, ಅದಕ್ಕೊಂದು ಉದ್ಯೋಗ ಕೊಡಿ. (ಆ ಸಿನಿಮಾದಲ್ಲಿ ಒಂದು ತೂತೂ ಇದೆ. ದುಡ್ಡಿನ ಚೀಲ ಅಂತ ಮಾಲೀಕನನ್ನು ಏಮಾರಿಸಲು ಬಳಸಿದ ಕರಪತ್ರ ತುಂಬಿದ ಚೀಲಗಳು ಖಜಾನೆಯೊಳಗೆ ಹೋದದ್ದು ಹೇಗೆ ಅಂತ ಎಲ್ಲೂ ತೋರಿಸುವುದಿಲ್ಲ. ನಾನು ಮೂರು ಸಲ ನೋಡಿದ ಮೇಲೆ ಅದು ಹೊಳೆಯಿತು. ಅಷ್ಟು ವೇಗವಾಗಿ ಓಡಿಸಿಕೊಂಡು ಹೋಗಿದ್ದಾರೆ.)

ಮೋಸ ಅನ್ನಿಸುವುದು ಯಾವಾಗ ಅಂದಿರಿ. ಅದಕ್ಕೆ ಇದೇ ತಂಡದ 2004ರ ‘ಓಷನ್ಸ್ ಟ್ವೆಲ್ವ್’ ನೋಡಿ. ಒಂದು ರತ್ನದ ಮೊಟ್ಟೆಯನ್ನು ಕದಿಯಲು ಈ ಗ್ಯಾಂಗಿಗೂ ಒಬ್ಬ ಒಂಟಿ ಕಳ್ಳನಿಗೂ ಪಂದ್ಯ. ಸಿನಿಮಾದ ಎರಡನೇ ಅರ್ಧದಲ್ಲಿ ನಮ್ಮವರು ಪಟ್ಟ ಪಾಡೆಲ್ಲ ನೋಡುತ್ತೇವೆ, ಸಿಕ್ಕಿಬೀಳುವುದನ್ನು ನೋಡಿ ಮರುಗುತ್ತೇವೆ. ಕೊನೆಗೆ ತಿಳಿಯುವುದೇನು? ಮೊಟ್ಟೆ ಮ್ಯೂಸಿಯಂಗೆ ಬರುವ ಮುಂಚೆಯೇ ರೈಲಿನಲ್ಲಿ ಬ್ಯಾಗ್ ಬದಲಾಯಿಸಿ ಹೊಡೆದಾಗಿತ್ತು. ಉಳಿದದ್ದೆಲ್ಲ ಎದುರಾಳಿಗೆ ತೋರಿಸಿದ ನಾಟಕ. ಆ ರೈಲಿನ ಕಳವು ನಮಗೆ ಕಾಣುವುದು ಕೊನೆಯ ವಿವರಣೆಯಲ್ಲಿ ಮಾತ್ರ. ಮೊದಲ ಸಲ ನೋಡುವಾಗ ಅದನ್ನು ಊಹಿಸಲು ನಮಗೆ ಏನೂ ಕೊಟ್ಟಿರಲಿಲ್ಲ. ಮೊದಲ ಸಿನಿಮಾದಲ್ಲಿ ಒಂದು ತುಂಡು ನುಂಗಿದ್ದರು, ಎರಡನೆಯದರಲ್ಲಿ ಕಳವನ್ನೇ ನುಂಗಿಬಿಟ್ಟರು. ನಿಮಗೆ ಮೋಸ ಅನ್ನಿಸಿದ್ದರೆ ತಪ್ಪಿಲ್ಲ.

ಇದನ್ನು ಅಳೆಯಲು ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಕೊನೆಯಲ್ಲಿ ಗುಟ್ಟು ಬಿಚ್ಚುವ ಫ್ಲ್ಯಾಷ್‌ಬ್ಯಾಕ್ ಬರುತ್ತದಲ್ಲ, ಅದರಲ್ಲಿ ನಾವು ಆಗಲೇ ನೋಡಿದ ಶಾಟ್ ಎಷ್ಟು, ಹೊಸ ಶಾಟ್ ಎಷ್ಟು ಅಂತ ಎಣಿಸಿ. ಹಳೆಯವೇ ಜಾಸ್ತಿ ಇದ್ದು, ಅವುಗಳ ಅರ್ಥ ಮಾತ್ರ ಬದಲಾಗಿದ್ದರೆ ‘ಕಣ್ಣೆದುರಿಗೇ ಇತ್ತಲ್ಲ’ ಅನ್ನಿಸುತ್ತದೆ. ಪೂರ್ತಿ ಹೊಸವೇ ಆದರೆ ಸುಮ್ನೆ ಕಥೆಗಾರ ಬಂದು ಹೊಸ ಕಥೆ ಹೇಳಿದ ಹಾಗೆ. ‘ಮನಿ ಹೈಸ್ಟ್’ನ ಮುಂದಿನ ಭಾಗಗಳಲ್ಲಿ ನಿಮಗೇ ಇದು ಅನುಭವಕ್ಕೆ ಬಂದಿರಬೇಕು. ಏನಾದರೂ ಎಡವಟ್ಟು ಆದ ತಕ್ಷಣ ಗ್ಯಾಂಗಿನ ನಾಯಕ ಪ್ರೊಫೆಸರ್ ಪಾಠ ಮಾಡುವ ಫ್ಲ್ಯಾಷ್‌ಬ್ಯಾಕ್ ಬರುತ್ತದೆ, ‘ಇದೂ ಪ್ಲಾನಿನಲ್ಲಿತ್ತು’ ಅಂತ. ಮೊದಲ ಎರಡು ಸಲ ಚಪ್ಪಾಳೆ, ಹತ್ತನೇ ಸಲ ಆಕಳಿಕೆ.

ಈಗ ನಮ್ಮ ಕಡೆಯದೊಂದು. 2013ರ ‘ಸ್ಪೆಷಲ್ 26’. ಅದರ ಮೂಲ ನಿಜವಾದ ಘಟನೆ. 1987ರ ಮಾರ್ಚ್‌ನಲ್ಲಿ ಬಾಂಬೆಯ ಒಪೆರಾ ಹೌಸ್ ಹತ್ತಿರದ ಆಭರಣದ ಅಂಗಡಿಗೆ ಒಬ್ಬ ಸಿಬಿಐ ಅಧಿಕಾರಿ ಅಂತ ಹೇಳಿಕೊಂಡು ನುಗ್ಗಿದ. ಜೊತೆಗೆ ಪೇಪರಿನಲ್ಲಿ ಜಾಹೀರಾತು ಕೊಟ್ಟು ಆರಿಸಿಕೊಂಡ ಹುಡುಗರ ದಂಡು. ಅವರಿಗೆ ತಾವು ನಿಜವಾದ ನೌಕರಿಗೆ ಸೇರಿದ್ದೇವೆ ಅಂತಲೇ ನಂಬಿಕೆ. ‘ಮಾದರಿಗೆ’ ಅಂತ ಒಡವೆ ತುಂಬಿಕೊಂಡು, ಹುಡುಗರನ್ನು ಅಂಗಡಿಯಲ್ಲೇ ಬಿಟ್ಟು ಹೊರಟವನು ಮತ್ತೆ ಸಿಗಲೇ ಇಲ್ಲ.

ಪತ್ತೆಯಾಗದ ಈ ಕಳವನ್ನು ಸಿನಿಮಾ ಮಾಡುವಾಗ ಒಂದು ಕಷ್ಟ ಇದೆ. ಕೊನೆ ಎಲ್ಲರಿಗೂ ಗೊತ್ತು, ಅವನು ತಪ್ಪಿಸಿಕೊಳ್ಳುತ್ತಾನೆ. ಹಾಗಾದರೆ ಅಚ್ಚರಿ ಎಲ್ಲಿಡುವುದು? ನಿರ್ದೇಶಕ ನೀರಜ್ ಪಾಂಡೆ ಅದನ್ನು ಕಳ್ಳರ ಕಡೆ ಇಡಲಿಲ್ಲ, ಪೊಲೀಸರ ಕಡೆ ಇಟ್ಟರು. ಸಿನಿಮಾ ಶುರುವಾಗುವುದು ದೆಹಲಿಯಲ್ಲಿ ಒಬ್ಬ ಮಂತ್ರಿಯ ಮನೆ ಮೇಲಿನ ನಕಲಿ ದಾಳಿಯಿಂದ. ಬಂದೋಬಸ್ತಿಗೆ ಅಂತ ಸ್ಥಳೀಯ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ರಣವೀರ್ ಸಿಂಗ್ ಮತ್ತು ಮಹಿಳಾ ಕಾನ್ಸ್‌ಟೇಬಲ್ ಬರುತ್ತಾರೆ. ದಾಳಿ ನಕಲಿ ಅಂತ ಗೊತ್ತಾದ ಮೇಲೆ ಇಬ್ಬರನ್ನೂ ಅಮಾನತು ಮಾಡುತ್ತಾರೆ. ರಣವೀರ್ ಅವಮಾನದಿಂದ ಬೆಂದು ಅಸಲಿ ಸಿಬಿಐ ಅಧಿಕಾರಿ ವಸೀಂ ಖಾನ್ ಹತ್ತಿರ ಹೋಗುತ್ತಾನೆ. ಇವರನ್ನು ಹಿಡಿಯಲೇಬೇಕು ಅನ್ನುತ್ತಾನೆ. ಅಲ್ಲಿಂದ ನಮ್ಮ ಮನಸ್ಸು ಅವನ ಕಡೆಗೂ ಒಂದು ಕಾಲು ಇಡುತ್ತದೆ. ಪಾಪ, ಇವನ ಮಾನ ಉಳಿಯಲಿ ಅಂತ. ಅದೇ ಆ ನಾಲ್ಕು ನೋಟು. ಕೊನೆಗೆ ನೋಡಿದರೆ ಆ ಇಬ್ಬರು ಪೊಲೀಸರೂ ಗ್ಯಾಂಗಿನವರೇ. ಗ್ಯಾಂಗ್ ನುಗ್ಗಲಿದ್ದ ಆಭರಣದ ಅಂಗಡಿಯಲ್ಲಿ ಬಲೆ ಹಾಕಲು ಅಸಲಿ ಒಡವೆಯನ್ನು ಕಾರ್ಖಾನೆಗೆ ಸಾಗಿಸಿದ್ದು ಸಿಬಿಐನವರೇ. ಗ್ಯಾಂಗ್ ನೇರವಾಗಿ ಅಲ್ಲಿಗೆ ಹೋಗಿ ಎತ್ತಿಕೊಂಡಿತು.

ಎರಡನೇ ಸಲ ನೋಡುವಾಗ ರಣವೀರನ ಮೇಲಷ್ಟೇ ಕಣ್ಣಿಡಿ. ಅವನು ಸುಳ್ಳು ಹೇಳುವ ದೃಶ್ಯ ಇದೆ, ಆದರೆ ಸಿನಿಮಾ ನಮಗೆ ಸುಳ್ಳು ಹೇಳುವುದಿಲ್ಲ. ಅವನು ಬೈಸಿಕೊಂಡದ್ದು ನಿಜ, ಅಮಾನತಾದದ್ದು ನಿಜ. ಯಾಕೆ ಬೈಸಿಕೊಂಡ ಅನ್ನುವುದಷ್ಟೇ ಬೇರೆ. ಇದನ್ನು ನಾನು ‘ಎರಡು ಅರ್ಥದ ಪರೀಕ್ಷೆ’ ಅನ್ನುತ್ತೇನೆ. ಪ್ರತಿ ದೃಶ್ಯವನ್ನೂ ಗುಟ್ಟು ಗೊತ್ತಿಲ್ಲದವನು ಒಂದು ರೀತಿ, ಗೊತ್ತಿರುವವನು ಇನ್ನೊಂದು ರೀತಿ ಓದುವ ಹಾಗಿರಬೇಕು. ಒಂದು ಪಾತ್ರ ಕೋಣೆಯಲ್ಲಿ ಒಬ್ಬನೇ ಇರುವಾಗಲೂ ನಾಟಕ ಮಾಡುತ್ತಿದ್ದರೆ ಆ ಪರೀಕ್ಷೆಯಲ್ಲಿ ಫೇಲ್. ಯಾರೂ ನೋಡದಿದ್ದಾಗ ಯಾರಿಗಾಗಿ ನಾಟಕ? ಪ್ರೇಕ್ಷಕನಿಗಾಗಿ ಮಾತ್ರ. ಅದು ಕಳ್ಳಾಟ.

ನನ್ನ ಲೆಕ್ಕದಲ್ಲಿ ಈ ವಿದ್ಯೆಯ ಒಳ್ಳೆಯ ಪಾಠ 2006ರ ‘ಇನ್‌ಸೈಡ್ ಮ್ಯಾನ್’. ಸ್ಪೈಕ್ ಲೀ ನಿರ್ದೇಶನ. ಶುರುವಿನಲ್ಲೇ ‘ಛಯ್ಯಾ ಛಯ್ಯಾ’ ಹಾಡು ಬರುತ್ತದೆ, ನ್ಯೂಯಾರ್ಕ್ ಬೀದಿಗಳ ಮೇಲೆ. ಮೊದಲ ಸಲ ನೋಡಿದಾಗ ನಾನು ಬೇರೆ ಸಿಡಿ ಕೊಟ್ಟರೇನೋ ಅಂದುಕೊಂಡಿದ್ದೆ.

ಕಥೆ ಇಷ್ಟು. ಪೇಂಟರ್ ವೇಷದ ಕಳ್ಳರು ಬ್ಯಾಂಕಿಗೆ ನುಗ್ಗುತ್ತಾರೆ. ಒಳಗಿದ್ದ ಜನರಿಗೆಲ್ಲ ತಮ್ಮಂಥದ್ದೇ ಉಡುಪು, ಮುಸುಕು ಹಾಕಿಸುತ್ತಾರೆ. ಪೊಲೀಸರು ಹೊರಗೆ ಕಾಯುತ್ತಾರೆ. ನಡುನಡುವೆ ಮುಂದಿನ ದಿನಗಳ ದೃಶ್ಯ ಬರುತ್ತದೆ. ಬಿಡುಗಡೆಯಾದ ಒತ್ತೆಯಾಳುಗಳನ್ನು ಪತ್ತೇದಾರ ಒಬ್ಬೊಬ್ಬರನ್ನಾಗಿ ವಿಚಾರಣೆ ಮಾಡುತ್ತಿರುತ್ತಾನೆ. ಅಂದರೆ ಎಲ್ಲರೂ ಹೊರಗೆ ಬಂದರು, ಯಾರು ಕಳ್ಳ ಯಾರು ಗಿರಾಕಿ ಅಂತ ಪೊಲೀಸರಿಗೆ ತಿಳಿಯಲಿಲ್ಲ, ಇದನ್ನು ಸಿನಿಮಾ ಅರ್ಧದಲ್ಲೇ ನಮಗೆ ಬಿಟ್ಟುಕೊಡುತ್ತದೆ.

ಇಷ್ಟು ದೊಡ್ಡ ವಿಷಯವನ್ನು ಯಾಕೆ ಮೊದಲೇ ಹೇಳಬೇಕು? ಹೇಳಿದ ತಕ್ಷಣ ನಮ್ಮ ತಲೆಯಲ್ಲಿ ಒಂದು ಪ್ರಶ್ನೆ ಕೂರುತ್ತದೆ. ಈ ಮುಖಗಳಲ್ಲಿ ಕಳ್ಳ ಯಾರು? ನಾವು ಕಣ್ಣು ಕಿರಿದು ಮಾಡಿ ಒಬ್ಬೊಬ್ಬರನ್ನೇ ತೂಗುತ್ತೇವೆ. ಹಾಗೆ ತೂಗುವಾಗ ಒಂದು ವಿಷಯವನ್ನು ಯೋಚಿಸದೆ ಒಪ್ಪಿಕೊಂಡಿರುತ್ತೇವೆ, ಕಳ್ಳರೆಲ್ಲ ಹೊರಗೆ ಬಂದಿದ್ದಾರೆ ಅಂತ. ಮುಖ್ಯ ಕಳ್ಳ ಹೊರಗೆ ಬಂದೇ ಇರುವುದಿಲ್ಲ. ಬ್ಯಾಂಕಿನ ಸಾಮಾನು ಕೋಣೆಯಲ್ಲಿ ಸುಳ್ಳು ಗೋಡೆ ಕಟ್ಟಿ ಅದರ ಹಿಂದೆ ದಿನಗಟ್ಟಲೆ ಕೂತಿರುತ್ತಾನೆ. ಆಮೇಲೆ ಒಂದು ದಿನ ಹಗಲು ಹೊತ್ತಿನಲ್ಲಿ ಮುಂಬಾಗಿಲಿಂದಲೇ ನಡೆದು ಹೋಗುತ್ತಾನೆ, ಪತ್ತೇದಾರನಿಗೆ ಭುಜ ತಾಗಿಸಿಕೊಂಡು.

ಈಗ ಸುಳಿವು ಎಲ್ಲಿತ್ತು ನೋಡಿ. ಸಿನಿಮಾದ ಮೊದಲ ದೃಶ್ಯದಲ್ಲಿ ಅದೇ ಕಳ್ಳ ಇಕ್ಕಟ್ಟಾದ ಜಾಗದಲ್ಲಿ ಕೂತು ನಮ್ಮ ಜೊತೆ ನೇರವಾಗಿ ಮಾತಾಡುತ್ತಾನೆ. ತಾನು ಇರುವ ಜಾಗ ಜೈಲಿನ ಕೋಣೆಯಂತೆ ಕಾಣಬಹುದು, ಆದರೆ ಸಣ್ಣ ಕೋಣೆಯಲ್ಲಿ ಸಿಕ್ಕಿಕೊಳ್ಳುವುದು ಬೇರೆ, ಜೈಲಿನಲ್ಲಿರುವುದು ಬೇರೆ ಅನ್ನುವ ಅರ್ಥದ ಮಾತೂ ಆಡುತ್ತಾನೆ. ಬಿಡಿಸಿ ಹೇಳಿದ್ದಾನೆ! ನಾವು ಮಾತ್ರ ‘ಓ, ಸಿಕ್ಕಿಬಿದ್ದು ಜೈಲಿನಲ್ಲಿ ಕೂತು ಹಳೆ ಕಥೆ ಹೇಳುತ್ತಿದ್ದಾನೆ’ ಅಂದುಕೊಳ್ಳುತ್ತೇವೆ. ಯಾಕೆಂದರೆ ಅಂಥ ಸಿನಿಮಾ ನೂರು ನೋಡಿದ್ದೇವೆ. ನಡುವೆ ಕಳ್ಳರು ನೆಲ ಅಗೆಯುವುದನ್ನೂ ತೋರಿಸುತ್ತಾರೆ. ಸುರಂಗ ಅಂದುಕೊಳ್ಳುತ್ತೇವೆ. ಅದು ಒಳಗೆ ಕೂರುವವನಿಗೆ ಕಕ್ಕಸು ಗುಂಡಿ. ನಮ್ಮ ಸಿನಿಮಾ ಜ್ಞಾನವನ್ನೇ ನಮ್ಮ ಮೇಲೆ ತಿರುಗಿಸಿದ್ದಾರೆ.

ಇನ್ನೊಂದು ಮಾತು. ಅಲ್ಲಿ ಯಾರೂ ಸಾಯುವುದಿಲ್ಲ, ಬ್ಯಾಂಕಿನ ದುಡ್ಡು ಇದ್ದಲ್ಲೇ ಇದೆ, ಸಿಕ್ಕ ಬಂದೂಕುಗಳು ಆಟಿಕೆ. ಹೋದದ್ದು ಒಂದು ಲಾಕರಿನ ವಸ್ತುಗಳು ಮಾತ್ರ, ಅದರ ಮಾಲೀಕ ಬಾಯಿಬಿಟ್ಟು ದೂರು ಕೊಡುವ ಹಾಗಿಲ್ಲ. ‘ಸ್ಪೆಷಲ್ 26’ರ ಮಂತ್ರಿಯ ಹಾಗೇ. ಟ್ವಿಸ್ಟ್ ಮುಗಿದ ಮೇಲೆ ‘ಪೊಲೀಸರು ಹುಡುಕಲ್ವಾ?’ ಅಂತ ಪ್ರೇಕ್ಷಕ ಮನೆಗೆ ಹೋಗುವಾಗ ಕೇಳಿಕೊಳ್ಳುತ್ತಾನೆ. ಆ ಪ್ರಶ್ನೆಗೂ ಕಥೆಯೊಳಗೇ ಉತ್ತರ ಇಟ್ಟಿದ್ದಾರೆ.

ಸರಿ, ನಿಮ್ಮ ಶಾರ್ಟ್ ಫಿಲ್ಮ್‌ಗೆ ಬರೋಣ. ಬ್ಯಾಂಕು, ಕ್ಯಾಸಿನೊ ಎಲ್ಲ ಮರೆತುಬಿಡಿ. ಮಂಡ್ಯದಲ್ಲಿ ಒಂದು ಮದುವೆ ಛತ್ರ ಸಾಕು. ನನ್ನ ತರಗತಿಯಲ್ಲಿ ಮಕ್ಕಳಿಗೆ ಮಾಡಿಸುವ ಒಂದು ಅಭ್ಯಾಸವನ್ನೇ ಕೊಡುತ್ತೇನೆ.

ಮೊದಲು ಕಳವನ್ನು ನಡೆದ ಕ್ರಮದಲ್ಲೇ, ಏನೂ ಮುಚ್ಚದೆ ಬರೆಯಿರಿ. ಒಬ್ಬ ಅಜ್ಜಿ ಮದುವೆಗೆ ಬರುತ್ತಾಳೆ. ಹೆಣ್ಣಿನ ಕಡೆಯವರು ಇವರು ಗಂಡಿನ ಕಡೆಯವರು ಅಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆ ಅಂದುಕೊಳ್ಳುತ್ತಾರೆ. ಅಜ್ಜಿ ತಾಂಬೂಲದ ಚೀಲ ತುಂಬುವ ಕಡೆಯಿಂದ ಒಂದು ತೆಂಗಿನಕಾಯಿ ತೆಗೆದುಕೊಳ್ಳುತ್ತಾಳೆ. ಹೆಣ್ಣಿನ ಕೋಣೆಯಲ್ಲಿ ಹೋಗಿ ಕೂರುತ್ತಾಳೆ. ಧಾರೆಯ ಹೊತ್ತಿಗೆ ಎಲ್ಲರೂ ಮಂಟಪಕ್ಕೆ ಓಡುವಾಗ ಹುಡುಗಿಯ ತಾಯಿಯೇ ‘ಅಮ್ಮಾ, ಸ್ವಲ್ಪ ಇಲ್ಲೇ ಇರ್ತೀರಾ, ನೋಡ್ಕೊಳ್ಳಿ’ ಅಂತ ಹೇಳಿ ಹೋಗುತ್ತಾರೆ. ಹಿಂದಿನ ರಾತ್ರಿಯ ಆರತಕ್ಷತೆಯ ಒಡವೆ ಡಬ್ಬಿಯಲ್ಲಿದೆ. ಅಜ್ಜಿ ಒಡವೆ ತೆಗೆದು, ತೂಕಕ್ಕೆ ಆ ತೆಂಗಿನಕಾಯಿ ಇಟ್ಟು ಮುಚ್ಚುತ್ತಾಳೆ. ಒಡವೆ ತಾಂಬೂಲದ ಚೀಲಕ್ಕೆ. ಊಟ ಮಾಡಿಕೊಂಡು, ಎಲ್ಲರ ಕೈಯಲ್ಲೂ ಇರುವಂಥದ್ದೇ ಚೀಲ ಹಿಡಿದು ಹೊರಡುತ್ತಾಳೆ. ಪೇಂಟರ್ ಉಡುಪಿನ ಬದಲು ಹಳದಿ ಚೀಲ, ಅಷ್ಟೇ.

ಆಮೇಲೆ ಇದರಿಂದ ಒಂದೇ ಒಂದು ತುಂಡು ಕಿತ್ತು ಹಾಕಿ. ಯಾವುದು? ಡಬ್ಬಿ ತೆರೆಯುವ ಆ ಅರ್ಧ ನಿಮಿಷ. ಉಳಿದ ಎಲ್ಲವನ್ನೂ ತೋರಿಸಬೇಕು. ನನ್ನ ವಿದ್ಯಾರ್ಥಿಗಳು ಇಲ್ಲೇ ಎಡವುತ್ತಾರೆ. ಹೆದರಿ ಅಜ್ಜಿಯನ್ನೇ ಕಿತ್ತು ಹಾಕುತ್ತಾರೆ, ಕೊನೆಗೆ ಎಲ್ಲಿಂದಲೋ ಒಬ್ಬ ಅಜ್ಜಿ ಉದುರುತ್ತಾಳೆ.

ಮೂರನೆಯದು, ಆ ತೂತಿನ ಮೇಲೆ ಹೊದಿಸಲು ನಾಲ್ಕು ನೋಟು ಬೇಕು. ಫೋಟೋಗ್ರಾಫರ್ ಹುಡುಗನನ್ನು ಕಳ್ಳ ಮಾಡಿ. ಅವನು ಗೆಳೆಯನ ಜೊತೆ ಪ್ಲಾನ್ ಮಾಡುವುದನ್ನು ಪೂರ್ತಿ ತೋರಿಸಿ. ಮುಹೂರ್ತದ ಹೊತ್ತಿಗೆ ಕರೆಂಟ್ ತೆಗೆಯುವುದು, ಹಿಂದಿನ ಬಾಗಿಲಿಂದ ಕೋಣೆಗೆ ಹೋಗುವುದು, ಕ್ಯಾಮೆರಾ ಬ್ಯಾಗಿಗೆ ಡಬ್ಬಿ ಹಾಕುವುದು. ಹೇಳಿದ ಪ್ಲಾನ್ ಕೆಡಬೇಕು ಅಂದೆನಲ್ಲ. ಕೆಡಲಿ. ಜನರೇಟರ್ ಹತ್ತಿಕೊಳ್ಳಲಿ, ಸೋದರಮಾವ ಅವನ ಕೊರಳಪಟ್ಟಿ ಹಿಡಿಯಲಿ. ಪ್ರೇಕ್ಷಕನ ಆತಂಕವೆಲ್ಲ ಈ ಹುಡುಗ ಸಿಕ್ಕಿಬೀಳುತ್ತಾನಾ ಅನ್ನುವುದರ ಮೇಲಿರುತ್ತದೆ. ಅಜ್ಜಿ ಆ ಗಲಾಟೆಯ ಹಿಂದೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೋಗುತ್ತಿರುತ್ತಾಳೆ, ಫೋಕಸ್ ಇಲ್ಲದೆ. ಡಬ್ಬಿ ಹುಡುಗನ ಬ್ಯಾಗಿನಲ್ಲಿ ಸಿಗುತ್ತದೆ, ಅಲ್ಲಾಡಿಸಿದರೆ ಭಾರವಾಗಿದೆ. ಸದ್ಯ, ಒಡವೆ ಉಳಿಯಿತು ಅಂತ ಎಲ್ಲರೂ ಉಸಿರು ಬಿಡುತ್ತಾರೆ. ಸಂಜೆ ಡಬ್ಬಿ ತೆಗೆದರೆ ತೆಂಗಿನಕಾಯಿ.

ಇನ್ನು ಸುಳಿವು. ಕಾಯಿ ನಮಗೆ ಮೊದಲೇ ಕಂಡಿರಬೇಕು, ಆದರೆ ಬೇರೆ ಕೆಲಸದಲ್ಲಿ. ಬೆಳಿಗ್ಗೆಯೇ ಒಂದು ಜಗಳ ಇಡಿ. ಚಿಕ್ಕಪ್ಪ ಅಡುಗೆಯವನ ಮೇಲೆ ಕೂಗಾಡುತ್ತಾರೆ. ಇನ್ನೂರು ಚೀಲಕ್ಕೆ ಇನ್ನೂರು ಕಾಯಿ ಎಣಿಸಿ ಕೊಟ್ಟಿದ್ದೆ, ಈಗ ಒಂದು ಕಮ್ಮಿ. ಅಡುಗೆಯವನು ‘ಒಂದು ಕಾಯಿಗೆ ಹಿಂಗೆ ಆಡ್ತೀರಲ್ಲ ಸ್ವಾಮಿ, ಚಟ್ನಿಗೆ ಹೋಗಿರುತ್ತೆ’ ಅನ್ನುತ್ತಾನೆ. ಪ್ರೇಕ್ಷಕ ನಗುತ್ತಾನೆ, ನಮ್ಮೂರ ಮದುವೆ ಹೀಗೇ ಅಂತ. ನಕ್ಕ ಮೇಲೆ ಆ ದೃಶ್ಯದ ಲೆಕ್ಕ ಅವನ ಮಟ್ಟಿಗೆ ಮುಗಿಯಿತು. ನಗು ಒಳ್ಳೆಯ ಮುಚ್ಚಳ. ನೆನಪಿಡಿ, ಈ ಜಗಳ ಧಾರೆಗಿಂತ ಮುಂಚೆ ಬರಬೇಕು, ಹುಡುಗ ಕೋಣೆಗೆ ನುಗ್ಗುವುದು ಅಜ್ಜಿ ಅಲ್ಲಿಂದ ಎದ್ದ ಮೇಲೆ. ಕ್ರಮ ತಪ್ಪಿದರೆ ಯಾವನೋ ಒಬ್ಬ ಖಂಡಿತ ಹಿಡಿಯುತ್ತಾನೆ.

ಕೊನೆಯ ಬಿಚ್ಚುವಿಕೆ ಇಪ್ಪತ್ತು ಸೆಕೆಂಡ್ ಮೀರಬಾರದು. ಹಳೆಯ ಶಾಟ್ ಮೂರು: ಕಾಯಿ ಜಗಳ, ‘ಸ್ವಲ್ಪ ನೋಡ್ಕೊಳ್ಳಿ’ ಅನ್ನುವ ತಾಯಿ, ಚೀಲ ಹಿಡಿದು ಹೋಗುವ ಅಜ್ಜಿಯ ಬೆನ್ನು. ಹೊಸ ಶಾಟ್ ಒಂದೇ, ಡಬ್ಬಿಯೊಳಗೆ ಕಾಯಿ ಇಡುವ ಕೈ. ಮಾತು ಬೇಡ. ಯಾರಾದರೂ ಕೂತು ವಿವರಿಸುವ ಹಾಗಾದರೆ ಎಡಿಟಿಂಗ್ ಬಿಟ್ಟು ಮತ್ತೆ ಸ್ಕ್ರಿಪ್ಟ್‌ಗೆ ಹೋಗಿ.

ಚಿತ್ರೀಕರಣಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಸ್ಕ್ರಿಪ್ಟನ್ನು ಐದು ಜನರಿಗೆ ಸಂಜೆ ಡಬ್ಬಿ ತೆರೆಯುವವರೆಗೆ ಓದಿ ಹೇಳಿ ನಿಲ್ಲಿಸಿ, ಕಳ್ಳರು ಯಾರು ಅಂತ ಕೇಳಿ. ಐವರೂ ಅಜ್ಜಿ ಅಂದರೆ ಅವಳನ್ನು ಜಾಸ್ತಿ ತೋರಿಸಿದ್ದೀರಿ. ಗುಟ್ಟು ಹೇಳಿದ ಮೇಲೂ ಯಾರಿಗೂ ಕಾಯಿ ಜಗಳ ನೆನಪಾಗದಿದ್ದರೆ ಸುಳಿವು ತೆಳುವಾಗಿದೆ. ಐವರಲ್ಲಿ ಒಬ್ಬರು ಹಿಡಿದು, ಉಳಿದವರು ಹಣೆ ಚಚ್ಚಿಕೊಂಡರೆ ಸರಿಯಾಗಿದೆ ಅಂತ ನನ್ನ ಅನುಭವ.

ಇನ್ನು ಏನು ನೋಡಬೇಕು. ಮೇಲೆ ಹೇಳಿದವನ್ನು ಎರಡೆರಡು ಸಲ ನೋಡಿ, ಎರಡನೇ ಸಲ ಪೆನ್ನು ಹಿಡಿದು. ಅವು ಬಿಟ್ಟರೆ ಮೊದಲು 1973ರ ‘ದಿ ಸ್ಟಿಂಗ್’. ಒಬ್ಬ ದೊಡ್ಡ ಖದೀಮನಿಗಾಗಿ ಇಡೀ ಜೂಜಿನ ಅಡ್ಡೆಯನ್ನೇ ಸುಳ್ಳು ಸುಳ್ಳೇ ನಿರ್ಮಿಸುತ್ತಾರೆ. ಅದರ ಕೊನೆ ಹೇಳುವುದಿಲ್ಲ, ಅದು ನಿಮ್ಮ ಪಾಲಿಗಿರಲಿ. ಸೆಟ್ಟಿನೊಳಗೆ ಸೆಟ್ಟು ಹೇಗೆ ಕಟ್ಟುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಟ್ವಿಸ್ಟ್ ಇಲ್ಲದೆಯೂ ಉಸಿರು ಬಿಗಿಹಿಡಿಸಬಹುದು ಅಂತ ತಿಳಿಯಲು 1955ರ ಫ್ರೆಂಚ್ ಸಿನಿಮಾ ‘ರಿಫಿಫಿ’. ಸುಮಾರು ಅರ್ಧ ಗಂಟೆ ಮಾತಿಲ್ಲ, ಹಿನ್ನೆಲೆ ಸಂಗೀತ ಇಲ್ಲ, ಕಳವು ಮಾತ್ರ. ಮೇಲಿನ ಮನೆಯ ನೆಲ ಕೊರೆದು ಆ ತೂತಿನಿಂದ ಒಂದು ಛತ್ರಿ ಇಳಿಬಿಟ್ಟು ಬಿಚ್ಚುತ್ತಾರೆ, ಗಾರೆ ಚೂರು ಕೆಳಗೆ ಬಿದ್ದು ಸದ್ದಾಗಬಾರದು ಅಂತ. ಆ ಛತ್ರಿಯ ಬುದ್ಧಿವಂತಿಕೆಗೆ ಯಾವ ಟ್ವಿಸ್ಟೂ ಸಾಟಿಯಲ್ಲ. ಅದರ ಮರುವರ್ಷ ಬಂದ ಕ್ಯೂಬ್ರಿಕ್‌ನ ‘ದಿ ಕಿಲ್ಲಿಂಗ್’ ಕುದುರೆ ರೇಸಿನ ದುಡ್ಡಿನ ಕಥೆ. ಒಂದೇ ದಿನವನ್ನು ಹಿಂದೆ ಮುಂದೆ ಮಾಡಿ ಹೇಳುತ್ತದೆ. ಕಾಲವನ್ನು ಕತ್ತರಿಸುವುದು ಕಲಿಯಬೇಕಾದರೆ ಅದು.

ನಮ್ಮ ಹುಡುಗರ ಬಜೆಟ್ಟಿಗೆ ಹತ್ತಿರವಾದದ್ದು ಮಲಯಾಳಂನ ‘ಸಪ್ತಮಶ್ರೀ ತಸ್ಕರಾಃ’, 2014. ಏಳು ಜನ ಕಳ್ಳರ ಕಥೆಯನ್ನು ಅವರಲ್ಲೊಬ್ಬ ಚರ್ಚಿನಲ್ಲಿ ಪಾದ್ರಿಯ ಮುಂದೆ ತಪ್ಪೊಪ್ಪಿಗೆಯಾಗಿ ಹೇಳುತ್ತಾನೆ. ಕಥೆ ಹೇಳುವವನು ಯಾರು, ಯಾರಿಗೆ ಹೇಳುತ್ತಿದ್ದಾನೆ ಅನ್ನುವುದೂ ಗಮನ ತಿರುಗಿಸುವ ಉಪಾಯವೇ. ಕನ್ನಡದಲ್ಲಿ ಈ ಜಾತಿ ಅಪರೂಪ. ಶಂಕರ್‌ನಾಗ್ ಅವರ ‘ಮಿಂಚಿನ ಓಟ’ ಕಾರು ಕಳ್ಳರು ಮತ್ತು ಜೈಲಿನಿಂದ ಪಾರಾಗುವ ಕಥೆ, ಟ್ವಿಸ್ಟಿಗಲ್ಲ, ಕಳ್ಳರನ್ನು ಮನುಷ್ಯರನ್ನಾಗಿ ಬರೆಯುವುದಕ್ಕೆ ನೋಡಿ. 2019ರ ‘ಬೆಲ್ ಬಾಟಂ’ನಲ್ಲಿ ಕಳವಾಗುವುದು ಪೊಲೀಸ್ ಠಾಣೆಯಿಂದಲೇ, ಕಥೆ ಮಾತ್ರ ಪತ್ತೇದಾರನ ಕಡೆಯಿಂದ. ಅದನ್ನೇ ಕಳ್ಳನ ಕಡೆಯಿಂದ ಬರೆದಿದ್ದರೆ ಯಾವ ದೃಶ್ಯ ಮುಚ್ಚಬೇಕಿತ್ತು ಅಂತ ಯೋಚಿಸಿ ನೋಡಿ, ಒಳ್ಳೆಯ ಕಸರತ್ತು.

ಕೊನೆಗೆ 1967ರ ‘ಜ್ಯುವೆಲ್ ಥೀಫ್’. ದೇವಾನಂದ್ ಪಾತ್ರವನ್ನು ಎಲ್ಲರೂ ಅಮರ್ ಅನ್ನುವ ಕಳ್ಳ ಅಂದುಕೊಳ್ಳುತ್ತಾರೆ. ತಾನವನಲ್ಲ ಅಂತ ತೋರಿಸಲು ಅವನು ಬೂಟು ಬಿಚ್ಚಬೇಕಾಗುತ್ತದೆ, ಅಮರನ ಕಾಲಿಗೆ ಆರು ಬೆರಳಂತೆ. ನಾವೂ ಒಂದೇ ಮುಖದ ಇನ್ನೊಬ್ಬನನ್ನು ಹುಡುಕುತ್ತಾ ಕೂರುತ್ತೇವೆ. ಅಂಥ ಇನ್ನೊಬ್ಬ ಇಲ್ಲವೇ ಇಲ್ಲ. ಅಸಲಿ ಕಳ್ಳ ಅಶೋಕ್ ಕುಮಾರ್. ಆ ಹೊತ್ತಿಗೆ ಅವರು ಮನೆಯ ಹಿರಿಯನಂಥ ನಟ, ಅವರ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬರೆಯದೆ ನಟನ ಮುಖದಿಂದಲೇ ಗಮನ ತಿರುಗಿಸಿದ್ದಾರೆ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಅಜ್ಜಿ ಪಾತ್ರಕ್ಕೆ ನಾಟಕದಲ್ಲಿ ಪಳಗಿದವರನ್ನು ಹಾಕಬೇಡಿ. ಅವರು ಕ್ಯಾಮೆರಾ ಮುಂದೆ ಬಂದ ತಕ್ಷಣ ‘ಇವರಿಗೆ ಏನೋ ಕೆಲಸ ಇದೆ’ ಅಂತ ಗೊತ್ತಾಗಿಬಿಡುತ್ತದೆ. ನಿಮ್ಮಲ್ಲೇ ಯಾರದಾದರೂ ಅಜ್ಜಿ ಇರುತ್ತಾರಲ್ಲ, ಅವರನ್ನು ಕೂರಿಸಿ, ಎಲೆ ಅಡಿಕೆ ಕೊಡಿ. ಹೆಸರು ಮಾಡಿದ ನಟರು ಸಿಕ್ಕಿದರೆ ಅವರಿಗೆ ಫೋಟೋಗ್ರಾಫರ್ ಪಾತ್ರ ಕೊಡಿ.